ಮೇಲೆದ್ದ ಒಳಚಕ್ರ

"ತಿರುವಿನಲ್ಲಿ ಬೈಕು ಒಳಕ್ಕೆ ವಾಲುತ್ತೆ, ಆಟೋ ಹೊರಕ್ಕೆ. ನಿನ್ನ ಆಟೋ ಬೈಕಿನ ಥರ ಒಳಕ್ಕೆ ಮಲಗ್ತಿದೆ. ಧೂಳಂತೂ ಬಾಲದ ಹಾಗೆ ಗಾಡಿಗೇ ಅಂಟ್ಕೊಂಡಿದೆ," ಎಂದ ಅನಿಮೇಶನ್ ನಿರ್ದೇಶಕ, ಅವಳು ಕಂಪ್ಯೂಟರಿನಲ್ಲಿ ಓಡಿಸಿದ್ದ ಆಟೋ ನೋಡಿ. ಸೋಮವಾರಕ್ಕೆ ಸರಿಯಾಗದಿದ್ದರೆ ಬೆನ್ನಟ್ಟುವ ದೃಶ್ಯ ಬೇರೆಯವರ ಪಾಲಿಗೆ, ಕೆಲಸಕ್ಕೆ ಸೇರಿ ಮೂರೇ ತಿಂಗಳಾದ ಅವಳು ಮನೆಯ ಪಾಲಿಗೆ.

ಅವಳನ್ನು ಸಾಕಿದ ಸೋದರಮಾವ ಆಟೋ ಓಡಿಸುವವನು. ವಿಷಯ ಕೇಳಿ ನಕ್ಕುಬಿಟ್ಟ. "ಮನೇಲೇ ಗಾಡಿ ಇದೆ, ಓಡಿಸೋನೂ ಇದ್ದಾನೆ. ಯಾಕೆ ತಲೆ ಕೆಡಿಸ್ಕೋತೀಯ ಗುಬ್ಬಿ?"

ಭಾನುವಾರ ಬೆಳಿಗ್ಗೆ ಗೋದಾಮಿನ ಹಿಂದಿನ ಮಣ್ಣಿನ ಬಯಲಿಗೆ ಹೋದರು. ಅವಳು ಫೋನ್ ಹಿಡಿದು ನಿಂತಳು. ಮೊದಲು ಉಬ್ಬು: ಮುಂದಿನ ಒಂಟಿ ಚಕ್ರ ಎಗರಿತು, ಆಮೇಲೆ ಹಿಂದಿನ ಎರಡು. ಇಳಿದ ಮೇಲೂ ಗಾಡಿಯ ಮೈ ಎರಡು ಸಲ ಕುಣಿದು ತಣ್ಣಗಾಯಿತು. ಬಂಗಾರದಂಥ ದೃಶ್ಯ. ಆದರೆ ತಿರುವಿನಲ್ಲಿ ಮಾಮ ಮದುವೆ ದಿಬ್ಬಣದ ವೇಗದಲ್ಲಿ ಬಂದ.

"ಸ್ವಲ್ಪ ಜೋರಾಗಿ, ಮಾಮ."

ಜೋರಾಗಿಯೇ ಬಂದ. ಧೂಳು ಚಕ್ರವನ್ನೇ ಮುಚ್ಚಿಬಿಟ್ಟಿತು.

"ಧೂಳು ಅಡ್ಡ ಬಂತು. ಇನ್ನೊಂದೇ ಸಲ. ಇನ್ನೂ ಜೋರಾಗಿ."

"ನನ್ನನ್ನ ಹೀರೋ ಮಾಡ್ತೀಯೋ, ಆಸ್ಪತ್ರೆ ಸೇರಿಸ್ತೀಯೋ?" ಎನ್ನುತ್ತಲೇ ಗಾಡಿ ತಿರುಗಿಸಿಕೊಂಡು ಹೋದ.

ಮೂರನೆಯ ಸಲ ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ ವಾಲಿತು. ಬಲಗಡೆಯ ಸ್ಪ್ರಿಂಗ್ ಕುಸಿಯಿತು. ಎಡಗಡೆಯ ಹಿಂದಿನ ಚಕ್ರ ನೆಲ ಬಿಟ್ಟು ಗೇಣು ಮೇಲೆದ್ದಿತು, ಆಮೇಲೆ ಮೊಳ. ಗಾಳಿಯಲ್ಲಿ ಜೋತು ಸುಮ್ಮನೆ ತಿರುಗುತ್ತಿತ್ತು. ಮಾಮ ಒಳಗಿನಿಂದ ಏನೋ ಕೂಗಿದ. ಅಷ್ಟರಲ್ಲಿ ಧೂಳು ಎಲ್ಲವನ್ನೂ ನುಂಗಿತು.

ಎಂಜಿನ್ ಸದ್ದೂ ನಿಂತಿತ್ತು. ಧೂಳು ಎದ್ದ ಜಾಗದಲ್ಲೇ ನಿಂತು, ತನಗೇನೂ ಅವಸರವಿಲ್ಲವೆಂಬಂತೆ ಹರಡುತ್ತಿತ್ತು. ಮನೆಯಲ್ಲಿ ಅತ್ತೆ ಅಡುಗೆಗೆ ಇಟ್ಟಿರುತ್ತಾಳೆ; ಅವಳಿಗೆ ಯಾವ ಮುಖ ತೋರಿಸುವುದು? ಅಯ್ಯೋ, ತಾನೇ ಅಲ್ಲವೇ ಜೋರಾಗಿ ಎಂದವಳು?

ಧೂಳು ತಿಳಿಯಾದಾಗ ಆಟೋ ಮೂರು ಚಕ್ರದ ಮೇಲೇ ನಿಂತಿತ್ತು. ಮಾಮ ಹ್ಯಾಂಡಲ್ ಹಿಡಿದು ಕೂತಿದ್ದ. ಅವಳು ಓಡಿ ಬಂದರೂ ಅವನ ಬೆರಳುಗಳು ಬಿಡಲೊಲ್ಲವು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

"ಸಿಕ್ತಾ ನಿನಗೆ ಬೇಕಾದ್ದು?" ಎಂದ ಮೆಲ್ಲಗೆ.

"ಸಿಕ್ತು, ಮಾಮ."

ಅದನ್ನೇ ನೋಡಿಕೊಂಡು ರಾತ್ರಿಯೊಳಗೆ ವಾಲುವಿಕೆ ತಿದ್ದಿದಳು. ಧೂಳನ್ನು ಗಾಡಿಯಿಂದ ಬಿಡಿಸಿ ನೆಲದ ಮೇಲೇ ಉಳಿಸಿದಳು, ಗಾಳಿಯಲ್ಲಿದ್ದ ಚಕ್ರದಡಿಯ ಧೂಳು ಅಳಿಸಿದಳು. ಸೋಮವಾರ ನಿರ್ದೇಶಕ ದೃಶ್ಯ ನೋಡಿ ಖುಷಿಯಾದ. ಪಕ್ಕದಲ್ಲಿ ಫೋನಿನ ವಿಡಿಯೋವನ್ನೂ ಹಾಕಿಸಿಕೊಂಡು ಮೂರು ಸಲ ನೋಡಿದ.

"ಇದನ್ನ ಹಿಡಿದೋರು ಯಾರು? ಗಾಡಿ ಮಗುಚೋ ಹಾಗಿದೆ, ಚಾಲಕ ಗುಬ್ಬೀ ಗುಬ್ಬೀ ಅಂತ ಕೂಗ್ತಿದ್ದಾನೆ. ಆದ್ರೂ ಕ್ಯಾಮೆರಾ ಒಂಚೂರೂ ಅಲುಗಿಲ್ಲ."

ಅವಳು ಕೈ ಚಾಚಿ ವಿಡಿಯೋ ನಿಲ್ಲಿಸಿದಳು.