ಹನ್ನೆರಡರ ಆಚೆಯ ತಾರೀಖು

ಕೆಲಸ ಬಿಟ್ಟು ಮಸ್ಕತ್ತಿಗೆ ಹಾರಿಹೋದ ಪುಣ್ಯಾತ್ಮ ಪ್ರೋಗ್ರಾಮ್ ಬರೆದಿಟ್ಟಿದ್ದನೇ ಹೊರತು ಅದು ಹೇಗೆ ನಡೆಯುತ್ತದೆಂದು ಒಂದು ಸಾಲೂ ಬರೆದಿಟ್ಟಿರಲಿಲ್ಲ. ಆ ಗೋಳು ಈಗ ಜೈತುನಬಿಯ ತಲೆಗೆ ಬಂದಿತ್ತು. ಗೋವಾದ ವಾಸ್ಕೋದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಸಾಂಕೋಲೆಯ ಈ ಆಕ್ಸಿಜನ್ ಸಿಲಿಂಡರ್ ತುಂಬುವ ಕಾರ್ಖಾನೆ ಸೇರಿ ಅವಳಿಗೆ ಎರಡು ವಾರವಷ್ಟೇ.

"ಹೊಸಾ ಮಷಿನ್ ಸೋಮವಾರ ಬರ್ತದ," ಎಂದಿದ್ದರು ಮ್ಯಾನೇಜರ್ ವಿರೂಪಾಕ್ಷಪ್ಪ. "ಇದು ಎಲ್ಲಿಂದ ಸುರು ಆಗಿ ಎಲ್ಲಿ ಮುಗೀತದ, ಎಲ್ಲಾ ಬರದು ಕೊಡವಾ."

ಕೆಲಸ ನೋಡಿದರೆ ಸಣ್ಣದು. ಬೆಳಿಗ್ಗೆ ಲಾರಿಯಲ್ಲಿ ಬಂದ ಖಾಲಿ ಸಿಲಿಂಡರ್‌ಗಳ ನಂಬರು ಕಂಪ್ಯೂಟರಿಗೆ ಹೊಡೆಯಬೇಕು. ಐದು ವರ್ಷಕ್ಕೊಮ್ಮೆ ಆಗಬೇಕಾದ ಒತ್ತಡದ ಪರೀಕ್ಷೆ ಯಾವುದಕ್ಕೆ ಬಾಕಿ ಇದೆಯೋ ಅದರ ನಂಬರು ಚೀಟಿಯಲ್ಲಿ ಬರುತ್ತದೆ. ಚೀಟಿಗೆ ರಬ್ಬರ್ ಠಸ್ಸೆಯಿಂದ ತಾರೀಖು ಒತ್ತಿ ಶೆಡ್ಡಿಗೆ ಕಳಿಸಿದರೆ, ಆ ಸಿಲಿಂಡರನ್ನು ಅವರು ತುಂಬದೆ ಬದಿಗಿಡುತ್ತಾರೆ; ತುಂಬಿದರೆ ಒತ್ತಡಕ್ಕೆ ಸಿಡಿದೀತು. ಶೆಡ್ಡಿನಲ್ಲಿ ತುಂಬುವವನು ಅವಳ ಅಣ್ಣ ಜಹಾಂಗೀರ. ಇವತ್ತು, ತೊಂಬತ್ತೊಂದರ ನವೆಂಬರ್ ಹತ್ತೊಂಬತ್ತು, ಚೀಟಿ ಖಾಲಿ ಬಂದಿತ್ತು. ಠಸ್ಸೆ ಒತ್ತಿ ಕಳಿಸಿದವಳೂ ಅವಳೇ.

ಅಗಲವಾದ ಪ್ರಿಂಟರ್ ಕಾಗದದ ಬೆನ್ನಿಗೆ ಅವಳು ನಕ್ಷೆ ಬರೆಯತೊಡಗಿದಳು. ಮುಖ್ಯ ಪ್ರೋಗ್ರಾಮು ಮೆನು ತೋರಿಸುತ್ತದೆ. ಮೆನು, ಆ ದಿನ ಬಂದ ಸಿಲಿಂಡರುಗಳ ಲಾಟಿನ ಪ್ರೋಗ್ರಾಮನ್ನು ಕರೆಯುತ್ತದೆ. ಅದು ಸಿಲಿಂಡರ್ ಫೈಲಿನಿಂದ ಪರೀಕ್ಷೆಯ ಗಡುವನ್ನು ತೆಗೆದು ಇವತ್ತಿನ ತಾರೀಖಿಗೆ ಹೋಲಿಸುತ್ತದೆ. ಗಡುವು ದಾಟಿದ್ದರೆ ಚೀಟಿಗೆ ಬೀಳುತ್ತದೆ. ಇಷ್ಟೇ.

ಆದರೆ ಇವತ್ತಿನ ತಾರೀಖು ಎಲ್ಲಿಂದ ಬಂತು? ಯಾವ ಫೈಲಿನಲ್ಲೂ ಇಲ್ಲ. ಪ್ರೋಗ್ರಾಮು ಅದನ್ನು ಮಷಿನ್ನಿಗೇ ಕೇಳುತ್ತಿತ್ತು. ಅವಳೂ ಕೇಳಿ ನೋಡಿದಳು. ಪರದೆಯ ಮೇಲೆ ಮೂಡಿದ್ದು 01/01/80.

ಎಂಬತ್ತನೆಯ ಇಸವಿಯಲ್ಲಿ ಕುಳಿತ ಮಷಿನ್ನಿಗೆ ಯಾವ ಗಡುವು ತಾನೇ ದಾಟೀತು! ಮಷಿನ್ ಚಾಲೂ ಆದಾಗ ಓದುವ ಮೊದಲ ಫೈಲನ್ನು ತೆರೆದಳು. ಮುಖ್ಯ ಪ್ರೋಗ್ರಾಮಿಗೂ ಮುಂಚೆ ಅಲ್ಲೊಂದು ಸಾಲು: ತಾರೀಖು ಕೇಳು. ಅವಳು ಬಸ್ಸಿಳಿದು ಬರುವಷ್ಟರಲ್ಲಿ ಮೆನು ಸಿದ್ಧವಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದು, ಮಷಿನ್ ಹಚ್ಚುವವನು ಪ್ಯೂನ್ ಕಾಸೀಮಸಾಬ, ಅವಳ ಅಪ್ಪ.

"ಅಬ್ಬಾ, ಮುಂಜಾನೆ ಮಷಿನ್ ಕೇಳಿದಾಗ ಏನ್ ಹೊಡಿತೀರಿ?"

"ತಾರೀಖ, ಬೇಟಿ. ಮೊದಲ ದಿನಾ, ಆಮ್ಯಾಲ ತಿಂಗಳಾ," ಎಂದ ಹೆಮ್ಮೆಯಿಂದ. "ಹನ್ನೆರಡರ ತನಕಾ ಸುಮ್ಮ ತಗೋತದ. ಹದಿಮೂರರಿಂದ ಏನೋ ಇಂಗ್ಲೀಷಿನ್ಯಾಗ ಬೈತದ. ಬೈದ್ರ ಎಂಟರ್ ಒತ್ತು ಕಾಕಾ ಅಂತ ಆ ಮಸ್ಕತ್ ಸಾಹೇಬ ಹೇಳಿ ಹೋಗ್ಯಾನ."

ಅಯ್ಯೋ ಅಲ್ಲಾ! ಮಷಿನ್ ಮೊದಲು ತಿಂಗಳು ಕೇಳುತ್ತದೆ. ಹದಿಮೂರನೆಯ ತಿಂಗಳು ಯಾರಪ್ಪನ ಪಂಚಾಂಗದಲ್ಲಿದೆ? ಎಂಟರ್ ಒತ್ತಿದರೆ ತಾರೀಖು ಸಿಗದ ಮಷಿನ್, ತನ್ನ ಎಣಿಕೆ ಶುರುವಾಗುವ ಎಂಬತ್ತರಲ್ಲೇ ಉಳಿಯುತ್ತದೆ. ಹಡಗು ದುರಸ್ತಿಯ ಯಾರ್ಡಿನ ಲಾರಿ ಬರುವುದು ಪ್ರತಿ ತಿಂಗಳು ಹದಿನೈದರ ಮೇಲೆಯೇ. ವರ್ಷಾನುಗಟ್ಟಲೆ ಅವರ ಒಂದೇ ಒಂದು ಸಿಲಿಂಡರೂ ಚೀಟಿಗೆ ಬಿದ್ದಿರಲಿಲ್ಲ. ಇವತ್ತಿನ ಲಾರಿಯೂ ಅವರದೇ.

ಅವಳು ಚಪ್ಪಲಿ ಬಿಟ್ಟು ಓಡಿದಳು. ಶೆಡ್ಡಿನಲ್ಲಿ ಪಂಪು ಗುಂಯ್ಗುಡುತ್ತಿತ್ತು. ಸಾಲು ಸಿಲಿಂಡರ್‌ಗಳ ನಡುವೆ ಜಹಾಂಗೀರ ಮೀಟರಿನ ಮುಳ್ಳು ನೋಡುತ್ತ ನಿಂತಿದ್ದ. ಮುಳ್ಳು ಅರ್ಧ ದಾಟಿತ್ತು.

"ಭಾಯಿ, ಬಂದ್ ಮಾಡ! ಹೊರಗ ಬಾ!"

"ಚೀಟಿ ಖಾಲಿ ಐತಲ್ಲ?"

"ಚೀಟಿ ಸುಳ್ಳೈತಿ! ನಾನ ಕಳಿಸೀನಿ, ಸುಳ್ಳೈತಿ!"

ಅವನು ಪಂಪು ನಿಲ್ಲಿಸಿ, ತುಂಬಿದ ಆಕ್ಸಿಜನ್ ನಿಧಾನಕ್ಕೆ ಹೊರಬಿಟ್ಟು ಹೊರಗೆ ಬಂದ. ಎಷ್ಟೋ ಹೊತ್ತು ಯಾರೂ ಒಳಗೆ ಹೋಗಲಿಲ್ಲ. ಆಮೇಲೆ ಕೊನೆಯ ಸಿಲಿಂಡರಿನ ಹೆಗಲ ಮೇಲಿನ ಬಣ್ಣವನ್ನು ಜಹಾಂಗೀರ ಚಾಕುವಿನಿಂದ ಕೆರೆದ. ಪರೀಕ್ಷೆಯ ಮುದ್ರೆ ಎಂಬತ್ಮೂರರದು, ಎಂಟು ವರ್ಷ ಹಳೆಯದು. ಚೀಟಿ ಇದ್ದಮೇಲೆ ಬಣ್ಣ ಕೆರೆಯುವ ಉಸಾಬರಿ ಯಾಕೆಂದು ಶೆಡ್ಡಿನಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ.

ಜೈತುನಬಿ ತಿಂಗಳು ಮೊದಲು ಮಾಡಿ ಸರಿಯಾದ ತಾರೀಖು ಹೊಡೆದಳು. ಯಾರ್ಡಿನ ಎಲ್ಲ ಸಿಲಿಂಡರ್‌ಗಳ ಬಾಕಿ ಪಟ್ಟಿ ತೆಗೆದಳು. ಪ್ರಿಂಟರು ಕರಕರನೆ ಹೊಡೆಯುತ್ತಲೇ ಹೋಯಿತು. ನಲವತ್ಮೂರು ನಂಬರು ಬಂದವು. ಶೆಡ್ಡಿನಲ್ಲಿ ಇದ್ದದ್ದು ಒಂಬತ್ತು.

"ಉಳಿದ ಮೂವತ್ನಾಲ್ಕು?" ಎಂದರು ವಿರೂಪಾಕ್ಷಪ್ಪ.

"ತುಂಬಿ ಕಳಿಸೀವ್ರಿ," ಎಂದ ಜಹಾಂಗೀರ. "ಯಾರ್ಡಿನ್ಯಾಗ ಮಂದಿ ವೆಲ್ಡಿಂಗ್ ಮಾಡಾಕತ್ತಿರ್ತಾರ."

ವಿರೂಪಾಕ್ಷಪ್ಪ ಯಾರ್ಡಿಗೆ ಫೋನ್ ಹಚ್ಚಿದರು. ಕಾಸೀಮಸಾಬ ಬಾಗಿಲಲ್ಲಿ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

"ಬರಿ, ಬೇಟಿ," ಎಂದ. "ನಿನ್ನ ಕಾಗದದಾಗ ಮೊದಲ ನನ್ನ ಹೆಸರ ಬರಿ. ಸುರು ಆಗೂದು ನನ್ನಿಂದ."

ಅವಳು ಬರೆಯಲಿಲ್ಲ, ಅಳು ಬಂತು. ಅವನು ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಫೋನಿನ ಹತ್ತಿರ ಹೋದ. ಅವನಿಗೆ ಓದಲು ಬರುತ್ತಿದ್ದುದು ಅಂಕಿಗಳು ಮಾತ್ರ. ಒಂದೊಂದೇ ನಂಬರಿನ ಮೇಲೆ ಬೆರಳಿಟ್ಟು, ಎರಡೆರಡು ಸಲ, ಗಟ್ಟಿಯಾಗಿ ಓದಿ ಹೇಳತೊಡಗಿದ.