ದರಕ್ಕಾಗಿ ವಿಚಾರಿಸಿ

ಹಾನಗಲ್ಲಿನ ಜಯತೀರ್ಥರು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಮೃಣಾಲಿನಿ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡ ಮೇಲೆ, ಆಕೆ ಮಲಗಿದ್ದ ಆಸ್ಪತ್ರೆಯ ಮಂಚ ಮತ್ತು ಗಾಳಿ ಹಾಸಿಗೆ ಮನೆಯಲ್ಲಿ ಉಳಿದವು. ಮಾರಲು ಮನಸ್ಸಾಗಲಿಲ್ಲ. ಯಾರೋ ಪರಿಚಯದವರು ತಂದೆಗೆಂದು ಬಾಡಿಗೆಗೆ ಕೇಳಿದರು, ಕೊಟ್ಟರು. ಮತ್ತೊಬ್ಬರು ಕೇಳಿದರು. ಹೀಗೆ ಶುರುವಾದದ್ದು ಮೂರು ವರ್ಷದಲ್ಲಿ ಹನ್ನೆರಡು ಮಂಚ, ಒಂಬತ್ತು ಗಾಳಿ ಹಾಸಿಗೆ, ನಾಲ್ಕು ಆಕ್ಸಿಜನ್ ಯಂತ್ರಗಳ ವ್ಯವಹಾರವಾಗಿ ಬೆಳೆದಿತ್ತು. ರೋಗಿಯನ್ನು ನೋಡಿಕೊಳ್ಳಲು ಹೆಣ್ಣುಮಕ್ಕಳನ್ನೂ ಕಳಿಸುತ್ತಿದ್ದರು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆಗೆ ಸಾಮಾನು ಸಾಗಿಸುವ ಅಂಬರೀಶನ ಗಾಡಿ ಓಡಾಡುತ್ತಿತ್ತು.

ಮಗಳು ಹರಿಪ್ರಿಯಾ ಶಿಗ್ಗಾವಿಯಲ್ಲಿ ಗಂಡನ ಜೊತೆ ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ. ಅಪ್ಪನಿಗೊಂದು ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ. ಅದರಲ್ಲಿ ಮಂಚದ ಚಿತ್ರವಿತ್ತು, ಹಾಸಿಗೆಯ ಚಿತ್ರವಿತ್ತು. ಪ್ರತಿ ಚಿತ್ರದ ಕೆಳಗೆ ಹಸಿರು ಬಣ್ಣದ ಒಂದು ಗುಂಡಿ, ಅದರ ಮೇಲೆ ‘ದರಕ್ಕಾಗಿ ವಿಚಾರಿಸಿ’. ಬೆರಳಿಟ್ಟರೆ ಜಯತೀರ್ಥರ ಫೋನಿಗೆ ಕರೆ ಹೋಗುತ್ತಿತ್ತು. ಆ ಗುಂಡಿಯ ಬಗ್ಗೆ ಅಪ್ಪ ಮಗಳಿಗೆ ವರ್ಷದಿಂದ ಜಗಳ.

"ಅಪ್ಪಾ, ಹೋದ ತಿಂಗಳ ಮುನ್ನೂರ ಮಂದಿ ನೋಡ್ಯಾರ. ಫೋನ್ ಮಾಡಿದವರು ಹನ್ನೊಂದು ಮಂದಿ. ಉಳಿದವರು ಎಲ್ಲಿ ಹೋದ್ರು?"

"ಅವರಿಗೆ ಬೇಕಾಗಿದ್ದಿಲ್ಲ, ಹೋದ್ರು."

"ಮನ್ಯಾಗ ಪೇಶಂಟ್ ಇಲ್ಲದ ಮಂಚದ ಚಿತ್ರ ನೋಡ್ಲಿಕ್ಕೆ ಯಾರು ಬರ್ತಾರ? ಸಿನೆಮಾ ಏನು ಅದು?"

ಜಯತೀರ್ಥರ ಬಳಿ ಉತ್ತರಗಳಿಗೆ ಕೊರತೆ ಇರಲಿಲ್ಲ. ದರ ಬರೆದರೆ ಸವಣೂರಿನಲ್ಲಿ ಹೊಸದಾಗಿ ಅಂಗಡಿ ಇಟ್ಟವನು ನೋಡಿ ನೂರು ರೂಪಾಯಿ ಕಡಿಮೆ ಹಾಕುತ್ತಾನೆ. ಹಾನಗಲ್ಲಿನ ಓಣಿಗೆ ಒಂದು ಸಾಗಾಟದ ಖರ್ಚು, ಹಿರೇಕೆರೂರಿನ ಆಚೆಯ ಹಳ್ಳಿಗೆ ಇನ್ನೊಂದು. ನೋಡಿಕೊಳ್ಳುವವರ ಪಗಾರವಂತೂ ರೋಗಿಯನ್ನು ಕಣ್ಣಾರೆ ನೋಡದೆ ಹೇಳುವುದೇ ಅಸಾಧ್ಯ. ಎದ್ದು ಕೂರುವವರೂ ಒಂದೇ, ಮಗ್ಗಲು ಬದಲಿಸಲಾರದವರೂ ಒಂದೇ ಏನು?

"ಬದಲಾಗೋದಕ್ಕ ‘ಇಷ್ಟರಿಂದ ಶುರು’ ಅಂತ ಬರ್ಯೋಣು. ಯಾತರ ಮ್ಯಾಲೆ ಬದಲಾಗ್ತದ ಅಂತನೂ ಬರ್ಯೋಣು. ಮಂಚ, ಹಾಸಿಗಿ ಬದಲಾಗೂದಿಲ್ಲಲ್ಲ? ಅವನ್ನರ ನೇರ ಹಾಕೋಣು," ಎನ್ನುತ್ತಿದ್ದಳು ಹರಿಪ್ರಿಯಾ.

ಆಗ ಅವರು ಕೊನೆಯ ಮಾತು ತೆಗೆಯುತ್ತಿದ್ದರು. "ನಿಮ್ಮಜ್ಜ ಅರವತ್ತು ವರ್ಷ ಪೌರೋಹಿತ್ಯ ಮಾಡಿದ. ಒಂದು ದಿನರ ದಕ್ಷಿಣಿ ಇಷ್ಟು ಅಂತ ಬಾಯಿಬಿಟ್ಟು ಹೇಳಲಿಲ್ಲ. ತಿಳಿದಷ್ಟು ಕೊಡ್ರಿ ಅಂದ. ಮನಿತನ ಹಂಗ ನಡದದ. ಕಷ್ಟದಾಗಿದ್ದವರು ಫೋನ್ ಮಾಡಿದ್ರ ನಾ ದನಿ ಕೇಳಿ ಕಡಿಮಿ ಹೇಳ್ತೀನಿ. ಗ್ವಾಡಿ ಮ್ಯಾಲೆ ಬರದ್ರ ಆ ದಯಾಕ್ಕ ಜಾಗಾನೇ ಇರೂದಿಲ್ಲ."

ಹೇಳುವಾಗ ಅವರಿಗೆ ಈ ಮಾತು ನಿಜವೆನಿಸುತ್ತಿತ್ತು. ನಿಜವೂ ಹೌದು. ಅಕ್ಕಿಆಲೂರಿನ ಒಬ್ಬ ಹಮಾಲನಿಗೆ ಮಂಚವನ್ನು ಎರಡು ತಿಂಗಳು ಪುಕ್ಕಟೆ ಕೊಟ್ಟಿದ್ದರು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಹತ್ತಿಮತ್ತೂರಿನಿಂದ ಕರೆ ಬಂತು. ಅಲ್ಲಿನ ನಿವೃತ್ತ ಹೆಡ್‌ಮಾಸ್ತರರ ಮುರಿದ ಕಾಲು ಕೂಡಿಕೊಂಡಿತ್ತು. ಮಂಚ, ಹಾಸಿಗೆ ಒಯ್ಯಿರಿ ಎಂದರು. ಅಂಬರೀಶನ ಗಾಡಿಯಲ್ಲಿ ಜಯತೀರ್ಥರೂ ಹೋದರು.

ಅಂಬರೀಶ ಗಾಳಿ ಹಾಸಿಗೆಯನ್ನು ಕಟ್ಟೆಯ ಮೇಲೆ ಹರಡಿ, ಗಾಳಿ ತುಂಬುವ ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷೆಗೆ ಹಚ್ಚಿದ. ಹಾಸಿಗೆಯ ಸಾಲುಗಳು ಒಂದು ಬಿಟ್ಟು ಒಂದು ಉಬ್ಬುತ್ತ, ತಗ್ಗುತ್ತ ಉಸಿರಾಡತೊಡಗಿದವು. ಎದುರುಮನೆಯ ಹೆಣ್ಣುಮಗಳೊಬ್ಬಳು ಬಂದು ನಿಂತು ನೋಡಿದಳು. ಐವತ್ತರ ವಯಸ್ಸು, ಬರಿಗೈ, ಬರಿಹಣೆ. ಅಡಿವೆವ್ವ ಎಂದು ಆಮೇಲೆ ತಿಳಿಯಿತು. ಕೈ ಸೆರಗಿಗೆ ಒರೆಸಿಕೊಂಡು ಹಾಸಿಗೆ ಮುಟ್ಟಿದಳು.

"ಇದು ತನ್ನಷ್ಟಕ್ಕ ತಾನ ಏಳ್ತೈತೇನ್ರಿ?"

"ಹೌದವಾ. ಮಲಗಿದವರ ಮೈ ಒಂದ ಕಡೆ ಒತ್ತಿ ಹುಣ್ಣಾಗಬಾರದು ಅಂತ."

"ಬಾಡಗಿ ಎಷ್ಟ್ರಿ?"

ಜಯತೀರ್ಥರು ರೂಢಿಯಂತೆ ಕೇಳಿದರು: "ನಿಮ್ಮನ್ಯಾಗ ಯಾರಿಗೆ ಬೇಕಾಗಿತ್ತು?"

"ಈಗ ಯಾರಿಗೂ ಬ್ಯಾಡ್ರಿ. ಸುಮ್ನ ಕೇಳಿದ್ನಿ."

"ತಿಂಗಳಿಗೆ ಒಂಬೈನೂರು."

ಅಡಿವೆವ್ವ ಕೈ ಹಿಂದಕ್ಕೆಳೆದುಕೊಂಡಳು. ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದಳು. "ರಾಜಶ್ರೀ, ಒಂಬೈನೂರಂತ. ಐದು ಸಾವಿರ ಅಂದಿದ್ದೆಲ್ಲ ನೀ."

ಮಗಳು ಮುಖ ಕೆಂಪಗೆ ಮಾಡಿಕೊಂಡು ಹತ್ತಿರ ಬಂದಳು. ಅವಳ ಫೋನಿನಲ್ಲಿ ಜಯತೀರ್ಥರ ಪುಟ ಇನ್ನೂ ಇತ್ತು. "ಇದು ನಿಮ್ಮದ ಅಲ್ಲೇನ್ರಿ? ಅಪ್ಪಗ ಚೌತಿ ಮುಗಿದ ವಾರದಾಗ ಲಕ್ವಾ ಹೊಡೀತು. ಬೆನ್ನಾಗ ಹುಣ್ಣಾದವು. ಆಗ ಹುಡುಕಿದ್ನಿ. ಮೂರು ಸಲ ತೆಗದು ನೋಡಿದ್ನಿ. ರೇಟ್ ಇರಲಿಲ್ಲ."

"ಫೋನ್ ಮಾಡಬೇಕಿತ್ತವಾ. ಅದಕ್ಕಂತನ ಗುಂಡಿ ಇಟ್ಟದ್ದು."

ಉತ್ತರ ಕೊಟ್ಟವಳು ಅಡಿವೆವ್ವ.

"ಹೆಂಗ ಮಾಡೂದ್ರಿ? ಬಸ್‌ಸ್ಟ್ಯಾಂಡ್ ಹೋಟೆಲಿನ್ಯಾಗ ಬೋರ್ಡ್ ಇರ್ತೈತಿ. ಓದಿ, ಕಿಸೆ ನೋಡ್ಕೊಂಡು, ಆಗೂದಿದ್ರ ಒಳಗ ಹೋಗ್ತೇವಿ. ಇಲ್ಲಂದ್ರ ಮುಂದ ನಡೀತೇವಿ, ಯಾರಿಗೂ ಗೊತ್ತಾಗೂದಿಲ್ಲ. ಬೋರ್ಡ್ ಇಲ್ಲದಲ್ಲಿ ಒಳಗ ಕುಂತು, ಕೇಳಿ, ಆಮ್ಯಾಲೆ ನಮಗ ಆಗೂದಿಲ್ರಿ ಅಂತ ಏಳೂದು ಹೆಂಗ? ಬರೀದ ಇಟ್ಟಾರಂದ್ರ ಅದು ದೊಡ್ಡವರಿಗೆ ಅಂತ ತಿಳಕೊಂಡ್ವಿ. ಬಾಳಿ ಎಲಿ ಹಾಸಿ ಮಲಗಿಸಿದ್ನಿ. ದಿನಾ ಎಲಿ ಬದಲ್ಸೂದು. ಎತ್ತುವಾಗ ಒದರ್ತಿದ್ದ. ನಲವತ್ತು ದಿನ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ನಡೆದದ್ದನ್ನು ನಡೆದಂತೆ ಹೇಳಿದಳು. ಗಂಡನ ಹೆಸರು ಗುತ್ತೆಪ್ಪ, ದೀಪಾವಳಿಗೆ ಮೂರು ದಿನ ಮೊದಲು ತೀರಿದ ಎಂದಳು. ಆಮೇಲೆ, "ಚಾ ಕುಡದು ಹೋಗ್ರಿ," ಎಂದಳು.

"ಮತ್ತೊಮ್ಮೆ ಬರ್ತೀನವಾ," ಎಂದು ಜಯತೀರ್ಥರು ಗಾಡಿ ಹತ್ತಿದರು.

ಗಾಡಿ ಸವಣೂರಿನ ದಾರಿ ಹಿಡಿಯಿತು. ಅವರ ತಲೆಯಲ್ಲಿ ತಾರೀಖುಗಳು ಒಂದರ ಪಕ್ಕ ಒಂದು ಬಂದು ಕುಳಿತವು. ತಿಳವಳ್ಳಿಯಿಂದ ಒಂದು ಗಾಳಿ ಹಾಸಿಗೆ ಚೌತಿಯ ಹಿಂದಿನ ದಿನ ತಿರುಗಿ ಬಂದಿತ್ತು. ಅದು ಮತ್ತೆ ಹೊರಗೆ ಹೋದದ್ದು ದೀಪಾವಳಿಯ ನಂತರ. ಅಷ್ಟೂ ದಿನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಮಡಿಚಿ ಇಟ್ಟದ್ದು ಇಟ್ಟಂತೆಯೇ ಇತ್ತು. ಅದು ಬೇರೆ ಯಾವ ಹಾಸಿಗೆಯೂ ಅಲ್ಲ, ಮೃಣಾಲಿನಿಯದು. ಕೊನೆಯ ತಿಂಗಳಲ್ಲಿ ಅದರ ಮೇಲೆ ಮಲಗಿ ಆಕೆ, "ಇದೊಂದು ಪುಣ್ಯಾತ್ಮರ ಹಾಸಿಗಿ ನೋಡ್ರಿ, ಬೆನ್ನು ಇದ್ದದ್ದ ಮರತು ಹೋಗ್ತದ," ಎಂದಿದ್ದಳು.

"ಸಾಹೇಬ್ರ, ಮಾತಾಡವಲ್ಲರಿ," ಎಂದ ಅಂಬರೀಶ. "ಆ ಮನಷ್ಯಾ ಲಕ್ವಾದಾಗ ಹೋದ. ನಿಮ್ಮ ಹಾಸಿಗಿ ಇದ್ರ ಉಳೀತಿದ್ದೇನು?"

"ಉಳೀತಿದ್ದಿಲ್ಲ. ಒದರೂದಾದ್ರೂ ತಪ್ಪತಿತ್ತಲ್ಲೋ."

ಸವಣೂರಿನಲ್ಲಿ ಹಾನಗಲ್ಲಿಗೆ ತಿರುಗಬೇಕಾದಲ್ಲಿ ಜಯತೀರ್ಥರು, "ಶಿಗ್ಗಾವಿಗೆ ನಡಿ," ಎಂದರು.

ಹರಿಪ್ರಿಯಾ ಯಾರದೋ ಹೊಲದ ಉತಾರದ ಝೆರಾಕ್ಸ್ ತೆಗೆಯುತ್ತಿದ್ದಳು. ಅಪ್ಪ ಹತ್ತಿಮತ್ತೂರಿನ ಸಂಗತಿಯನ್ನು ನಿಂತುಕೊಂಡೇ ಹೇಳಿ ಮುಗಿಸಿದರು. ಅವಳು ‘ನಾ ಹೇಳಿದ್ದೆ’ ಎನ್ನಲಿಲ್ಲ. ಕುರ್ಚಿ ಎಳೆದು ಕೂರಿಸಿ ಕಂಪ್ಯೂಟರಿನಲ್ಲಿ ಪುಟ ತೆರೆದಳು.

"ಗಾಳಿ ಹಾಸಿಗಿ?"

"ಒಂಬೈನೂರು."

"ಸಾಗಾಟ?"

"ಹಾನಗಲ್ ತಾಲೂಕಿಗೆ ಎರಡನೂರು. ಉಳಿದದ್ದಕ್ಕ ನಾನೂರು. ಮುಂಗಡ ಸಾವಿರ, ತಿರುಗಿ ಕೊಡೂದು ಅಂತ ಬರಿ."

"ಮಂಚ?"

ಜಯತೀರ್ಥರು ಪುಟದಲ್ಲಿದ್ದ ಮಂಚದ ಚಿತ್ರವನ್ನೇ ನೋಡಿದರು.

"ಮಂಚಕ್ಕ ಎಷ್ಟು ಬರೀಲಪ್ಪಾ?"

ಬರೆಯಲು ಅವರ ಬಳಿ ಒಂದು ಅಂಕಿ ಇರಲಿಲ್ಲ. ಹಮಾಲನಿಗೆ ಪುಕ್ಕಟೆ. ಹೆಡ್‌ಮಾಸ್ತರರಿಗೆ ಎರಡು ಸಾವಿರ. ಹಿರೇಕೆರೂರಿನ ಸುಶೀಂದ್ರ ಎಂಬ ವಕೀಲರು ತಾಯಿಗೆಂದು ಕೇಳಿದಾಗ ಫೋನಿನಲ್ಲಿ ಗತ್ತಿನ ದನಿ, ಹಿಂದೆ ಕಾರಿನ ಹಾರ್ನು. ನಾಲಿಗೆ ತಾನಾಗಿಯೇ ಮೂರು ಸಾವಿರ ಎಂದಿತ್ತು. ಅದೇ ಮಂಚ. ಆರು ತಿಂಗಳಿಂದ ಮೂರು ಸಾವಿರವೇ ಬರುತ್ತಿತ್ತು. ದನಿ ಕೇಳಿ ಕಡಿಮೆ ಹೇಳುತ್ತೇನೆ ಎನ್ನುತ್ತಿದ್ದವರು ದನಿ ಕೇಳಿ ಜಾಸ್ತಿಯನ್ನೂ ಹೇಳುತ್ತಿದ್ದರು. ಕಡಿಮೆ ಹೇಳಿದ್ದು ವರ್ಷಕ್ಕೆ ಒಂದೆರಡು ಸಲ, ಜಾಸ್ತಿ ಹೇಳಿದ್ದು ತಿಂಗಳಿಗೆ ಎರಡು ಮೂರು ಸಲ. ತಂದೆ ದಕ್ಷಿಣೆ ಹೇಳದೇ ಇದ್ದದ್ದು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳುವುದಕ್ಕೆ. ತಾವು ಹೇಳದೇ ಇದ್ದದ್ದು ಅದಕ್ಕಲ್ಲ. ಅರವತ್ತಾರರ ವಯಸ್ಸಿನಲ್ಲಿ, ಝೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರಿಗೆ ಇದು ತಿಳಿಯಿತು. ಮಗಳ ಮುಖ ನೋಡಲಾಗಲಿಲ್ಲ.

"ಎರಡು ಸಾವಿರ ಬರಿ," ಎಂದರು. "ಬರದ ಮ್ಯಾಲೆ ಹಿರೇಕೆರೂರಿನವರು ನೋಡ್ತಾರ."

"ನೋಡ್ತಾರ. ಈಗ ಏನು ಮಾಡೋಣು?"

"ಅವರು ನೋಡೂದರಾಗ ನಾನ ಹೇಳಬೇಕು. ತಗೊಂಡ ಹೆಚ್ಚಿನದನ್ನ ತಿರುಗಿ ಕೊಡಬೇಕು. ಅವರೊಬ್ಬರಿಗ ಅಲ್ಲ, ಎಲ್ಲಾರಿಗೂ."

ಅಲ್ಲಿಂದಲೇ ಫೋನ್ ಹಚ್ಚಿದರು. ಸುಶೀಂದ್ರ ವಕೀಲರು ಎಲ್ಲ ಕೇಳಿ, "ಆಚಾರ್ರ, ನಿಮ್ಮ ಮ್ಯಾಲೆ ನಂಬಿಗಿ ಇಟ್ಟು ನಾ ಬ್ಯಾರೆ ಕಡೆ ಕೇಳಲೇ ಇಲ್ಲ ನೋಡ್ರಿ," ಎಂದರು. ಬಯ್ದಿದ್ದರೆ ಹಗುರವಾಗುತ್ತಿತ್ತು.

ನೋಡಿಕೊಳ್ಳುವವರ ಪಗಾರಕ್ಕೆ ಹರಿಪ್ರಿಯಾ ಹೇಳಿದಂತೆಯೇ ಆಯಿತು: ಹಗಲಿಗೆ ಆರುನೂರರಿಂದ ಶುರು, ರೋಗಿಯ ಸ್ಥಿತಿ ನೋಡಿ ನಿರ್ಧಾರ, ವಿಚಾರಿಸಿ. ಪುಟದ ಕೆಳಗೆ ಜಯತೀರ್ಥರು ಒಂದು ಸಾಲು ತಾವೇ ಹೇಳಿ ಬರೆಸಿದರು: ‘ಇಷ್ಟು ಕೊಡಲಾಗದವರು ಹಾಗೆಂದು ಬರೆದು ಕಳಿಸಿದರೂ ಸಾಕು, ಕಾರಣ ಕೇಳುವುದಿಲ್ಲ.’

ಅಂದು ಸಂಜೆ ಮನೆಗೆ ಬಂದು ಸಂಧ್ಯಾವಂದನೆಗೆ ಕುಳಿತರು. ದಿನದ ಪಾಪ ಕಳೆಯಲೆಂದು ಹೇಳುವ ಮಂತ್ರ ಬಂದಾಗ ನಾಲಿಗೆ ತಡೆಯಿತು. ಕೈಯಲ್ಲಿದ್ದ ನೀರು ಬೆರಳ ಸಂದಿನಿಂದ ಸೋರಿಹೋಯಿತು. ಮತ್ತೆ ತುಂಬಿಕೊಂಡು ಮೊದಲಿಂದ ಹೇಳಿದರು.

ಸವಣೂರಿನ ಹೊಸ ಅಂಗಡಿಯವನು ಮೂರನೆಯ ದಿನವೇ ಗಾಳಿ ಹಾಸಿಗೆಗೆ ಎಂಟುನೂರು ಹಾಕಿದ. ಹರಿಪ್ರಿಯಾ ಫೋನ್ ಮಾಡಿ ತಿಳಿಸಿದಳು. "ಹಾಕ್ಲಿ," ಎಂದರು ಜಯತೀರ್ಥರು, "ಅಲ್ಲೀ ಮಂದಿಗೆ ನೂರು ಉಳೀತು."

ಮರುದಿನ ಬೆಳಿಗ್ಗೆ ಅಕ್ಕಿಆಲೂರಿನಿಂದ ಒಂದು ಕರೆ. "ನಾನು ಗೌಸಬಿ ಅಂತ್ರಿ. ಅತ್ತೆಗ ಗಾಳಿ ಹಾಸಿಗಿ ಬೇಕಾಗೇತಿ. ರೇಟ್ ನೋಡೇನ್ರಿ, ಎಲ್ಲಾ ಸೇರಿ ಕೂಡಿಸೇನ್ರಿ. ಇವತ್ತ ಬರ್ತೈತೇನ್ರಿ?"

ಜಯತೀರ್ಥರು ಅಭ್ಯಾಸಬಲದಿಂದ ಮುಂದಿನ ಪ್ರಶ್ನೆಗೆ ಕಾದರು. ಬರಲಿಲ್ಲ. ಆಕೆಗೆ ಕೇಳುವುದೇನೂ ಉಳಿದಿರಲಿಲ್ಲ. ದನಿ ಬಡವರದೋ ಸಿರಿವಂತರದೋ ಎಂದು ಅಳೆಯಲು ಹೊರಟ ಕಿವಿಗೆ ಕೆಲಸವಿಲ್ಲದೆ ಹೋಯಿತು.

"ಮಧ್ಯಾಹ್ನದಾಗ ಬರ್ತದ ತಾಯಿ," ಎಂದರು.

ಹಿಂದಿನ ಕೋಣೆಗೆ ಹೋದರು. ಮೃಣಾಲಿನಿಯ ಹಾಸಿಗೆ ಊರೊಳಗಿನ ಹೊಸಪೇಟೆ ಓಣಿಯಿಂದ ಹಿಂದಿನ ದಿನವಷ್ಟೇ ಬಂದಿತ್ತು. ಅದನ್ನು ಕೆಳಗಿಳಿಸಿ, ಬಿಚ್ಚಿ, ಡೆಟಾಲು ಹಾಕಿದ ನೀರಿನಿಂದ ಒಂದೊಂದು ಸಾಲನ್ನೂ ಒರೆಸತೊಡಗಿದರು. ಯಂತ್ರ ಹಚ್ಚಿದಾಗ ಸಾಲುಗಳು ಉಬ್ಬಿದವು, ತಗ್ಗಿದವು. ನಲವತ್ತು ದಿನ ಇದು ಇಲ್ಲೇ ಇತ್ತು. ಅಂಬರೀಶ ಹೊರಗೆ ಗಾಡಿಯ ಹಾರ್ನು ಬಾರಿಸುವವರೆಗೂ ಅವರು ಒರೆಸುತ್ತಲೇ ಇದ್ದರು.