ಏಳೂವರೆಯ ಸಾಲ, ಎಂಟರ ಪತ್ರ

ಪ್ರಾಣೇಶನಿಗೆ ಬಡ್ಡಿ ಲೆಕ್ಕ ಬರೋದಿಲ್ಲ ಅಂತ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಟರ್ನರ್ ಆಗಿ ಸೇರಿ ಫೋರ್‌ಮನ್ ಆದ ಮನುಷ್ಯ. ಯಾರ ಮಗಳ ಮದುವೆಗೆ ಪಿ.ಎಫ್.ನಿಂದ ಎಷ್ಟು ಎತ್ತಬೇಕು, ಯಾರು ಸ್ಕೂಟರ್ ಸಾಲ ಮಾಡಬೇಕು, ಎಲ್ಲದಕ್ಕೂ ಅವನೇ ಪಂಚ. ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ಲು. ಊರಿಗೆಲ್ಲ ಬುದ್ಧಿ ಹೇಳುವವನ ಹೆಂಡತಿಗೆ ಮಾತ್ರ ಆ ಬುದ್ಧಿಯ ಬಿಲ್ಲು ಬರುವುದು. ನಲಿನಿಗೆ ಅದು ಬಂದದ್ದು 2008ರ ಆಗಸ್ಟಿನಲ್ಲಿ.

ಮಾರ್ಚ್ ತಿಂಗಳ ಮಾತು ಮೊದಲು ಹೇಳಬೇಕು. ಕಾಚಿಗೂಡದಲ್ಲಿ ನಲಿನಿಯ ಅಪ್ಪ ಹಣಮಂತರಾಯರ ಹಳೇ ಮನೆ ಮಾರಿ, ಅಣ್ಣತಮ್ಮಂದಿರು ಹಂಚಿಕೊಂಡು, ಮಗಳ ಪಾಲು ಅಂತ ಮೂರೂವರೆ ಲಕ್ಷ ಅವಳ ಕೈಗೆ ಬಂತು. ಅಷ್ಟು ದುಡ್ಡನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಬಂದ ದಿನವೇ ಅವಳು ತೀರ್ಮಾನ ಮಾಡಿದ್ದಳು.

"ಮನಿ ಸಾಲಕ್ಕ ತುಂಬಿಬಿಡೋಣ್ರಿ," ಅಂದಳು. "ಸಾಲ ಕಮ್ಮಿ ಆದ್ರ ನನಗ ನಿದ್ದಿ ಬರ್ತದ."

ಲಿಂಗಂಪಲ್ಲಿ ಸ್ಟೇಷನ್ನಿನಿಂದ ನಡೆದರೆ ಹತ್ತು ನಿಮಿಷದ ದಾರಿಯಲ್ಲಿ ಅವರ ಫ್ಲ್ಯಾಟು. ಹದಿನೆಂಟು ವರ್ಷ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ, ಕಂಪನಿ ಬಳಿದ ಹಳದಿ ಸುಣ್ಣದ ನಡುವೆ ಸಂಸಾರ ಮಾಡಿ, 2005ರಲ್ಲಿ ಆ ಫ್ಲ್ಯಾಟಿಗೆ ಬಂದಿದ್ದಳು ನಲಿನಿ. ಹದಿನೈದು ಲಕ್ಷ ಸಾಲ, ಇಪ್ಪತ್ತು ವರ್ಷ, ಏಳೂವರೆ ಬಡ್ಡಿ. ತಿಂಗಳಿಗೆ ಹನ್ನೆರಡು ಸಾವಿರದ ಎಂಬತ್ನಾಲ್ಕು ರೂಪಾಯಿ ಕಂತು. ಆ ಮನೆಯ ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಸುಖ ಗೊತ್ತಿಲ್ಲದವರಿಗೆ ಹೇಳಿ ಏನು ಉಪಯೋಗ!

ಪ್ರಾಣೇಶ ಪೆನ್ಸಿಲ್ ತೆಗೆದ. "ಹುಚ್ಚಿ ಇದ್ದಿ ನೋಡು. ಸಾಲಕ್ಕ ಬಡ್ಡಿ ಎಷ್ಟು? ಏಳೂವರಿ. ಪೋಸ್ಟಾಫೀಸಿನ ಉಳಿತಾಯ ಪತ್ರಕ್ಕ ಎಷ್ಟು? ಎಂಟು. ಎಂಟು ಕೊಡೋವ್ರನ್ನ ಬಿಟ್ಟು ಏಳೂವರಿ ತಗೊಳ್ಳೋವ್ರಿಗೆ ಯಾರಾದ್ರೂ ರೊಕ್ಕ ಕೊಡ್ತಾರೇನು? ಅದೂ ಸರ್ಕಾರದ್ದು, ಆರು ವರ್ಷಕ್ಕ ನೂರಕ್ಕ ನೂರಾ ಅರವತ್ತು. ಶೇರು ಬಜಾರು ಅಂತ ಹೇಳಿದ್ನೇನು ನಾ?"

"ಬ್ಯಾಂಕಿನವ್ರನ್ನ ಒಂದ್ಸಲ ಕೇಳಿ ಬರೋಣಲ್ರಿ."

"ಕೇಳೋದೇನೈತಿ? ಮೂರು ವರ್ಷ ದಾಟಿತು, ಕಂತು ಒಂದು ರೂಪಾಯಿ ಹೆಚ್ಚಾಗೇತೇನು? ಇನ್ನ ಏಳು ವರ್ಷದಾಗ ಅಸಲು ಮುಗೀತದ. ಆಮ್ಯಾಲೆ ಬರೇ ಬಡ್ಡಿ."

ಇಲ್ಲೇ ಇತ್ತು ನೋಡಿ ಮುಳ್ಳು. ಹಿಂದೆ ಊರ ಮನೆ ರಿಪೇರಿಗೆ ಅವನು ಫ್ಯಾಕ್ಟರಿಯಲ್ಲೇ ಸಾಲ ತೆಗೆದು ತೀರಿಸಿದ್ದ. ಆ ಸಾಲದ ರೀತಿ ಬೇರೆ. ಮಂಜೂರಾದ ದಿನದ ಬಡ್ಡಿಯೇ ಕೊನೆಯ ತನಕ. ಸಂಬಳದಿಂದ ಮೊದಲು ಅಸಲು ಪೂರಾ ಹಿಡಿಯುತ್ತಾರೆ, ಅದು ಮುಗಿದ ಮೇಲೆ ಬಡ್ಡಿ. ಪ್ರಾಣೇಶನಿಗೆ ಸಾಲ ಅಂದರೆ ಅದೊಂದೇ ಸಾಲ. ಬ್ಯಾಂಕು ಪ್ರತಿ ಕಂತಿನಲ್ಲಿ ಮೊದಲು ತನ್ನ ಬಡ್ಡಿ ಮುರಿದುಕೊಂಡು, ಮಿಕ್ಕಿದ್ದನ್ನು ಮಾತ್ರ ಅಸಲಿಗೆ ಹಾಕುತ್ತದೆ, ಬಡ್ಡಿಯೂ ಕಾಲಕಾಲಕ್ಕೆ ಏರುತ್ತದೆ ಅನ್ನೋದು ಅವನೇ ಸಹಿ ಮಾಡಿದ ಕಾಗದದಲ್ಲಿತ್ತು. ಓದಿದವರು ಯಾರು? ವರ್ಷವರ್ಷ ಇನ್ಕಮ್ ಟ್ಯಾಕ್ಸಿನ ಲೆಕ್ಕಕ್ಕೆ ಕೊಡಲು ಬ್ಯಾಂಕಿನಿಂದ ಬಡ್ಡಿಯ ಸರ್ಟಿಫಿಕೇಟು ತಂದಾಗ, ಬಡ್ಡಿ ಕಾಲಂ ದಪ್ಪಗಿದ್ದಷ್ಟೂ ಅವನು ಖುಷಿಪಡುತ್ತಿದ್ದ. ಟ್ಯಾಕ್ಸು ಉಳಿಯಿತಲ್ಲ! ಅದರ ಪಕ್ಕದ ಅಸಲಿನ ಕಾಲಂ ಬಡಕಲಾಗುತ್ತಿದ್ದುದು ಮಹಾಶಯನ ಕಣ್ಣಿಗೆ ಬೀಳಲಿಲ್ಲ.

ನಲಿನಿ ಸುಮ್ಮನಾದಳು. ಸುಮ್ಮನಾದದ್ದಕ್ಕೆ ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಬೈದುಕೊಂಡಳೋ ಲೆಕ್ಕವಿಲ್ಲ. ಮೂರೂವರೆ ಲಕ್ಷ ಪೋಸ್ಟಾಫೀಸಿಗೆ ಹೋಯಿತು, ಪತ್ರಗಳು ಅವಳ ಹೆಸರಿನಲ್ಲೇ ಬಂದವು. "ನಿಮ್ಮಪ್ಪನ ರೊಕ್ಕ, ನಿನ್ನ ಹೆಸರ್ಲೆನ ಇರ್ಲಿ," ಅಂದ ಪ್ರಾಣೇಶ, ದೊಡ್ಡ ಮನಸ್ಸಿನಿಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಗಸ್ಟಿನಲ್ಲಿ ಬ್ಯಾಂಕಿನ ಪತ್ರ ಬಂತು. ಬಡ್ಡಿ ಹನ್ನೊಂದಾಗಿದೆ, ಸದ್ಯದ ಕಂತು ತಿಂಗಳ ಬಡ್ಡಿಗೂ ಸಾಲುವುದಿಲ್ಲ, ಮುಂದಿನ ತಿಂಗಳಿಂದ ಕಂತು ಹದಿನೈದು ಸಾವಿರದ ಏಳುನೂರ ತೊಂಬತ್ತೈದು. ಪ್ರಾಣೇಶ ಅದನ್ನು ಎರಡು ಸಲ ಓದಿ, "ಯಾರದೋ ಪತ್ರ ನಮಗ ಬಂದೈತಿ," ಅಂದ. ಮರುದಿನ ರಜೆ ಹಾಕಿ ಇಬ್ಬರೂ ಬ್ಯಾಂಕಿಗೆ ಹೋದರು.

ಸಾಲದ ಕೌಂಟರಿನಲ್ಲಿ ಒಬ್ಬ ತೆಲುಗು ಹುಡುಗಿ, ಮಾಧವಿ ಅಂತ ಹೆಸರಿನ ಫಲಕ. ಕಂಪ್ಯೂಟರಿನ ಪರದೆಯನ್ನೇ ಇವರ ಕಡೆ ತಿರುಗಿಸಿದಳು.

"ಬಾಕಿ ಹದಿನಾಲ್ಕು ಲಕ್ಷದ ಮೂವತ್ತೈದು ಸಾವಿರ ಸಾರ್," ಅಂದಳು ತೆಲುಗಿನಲ್ಲಿ.

"ತಪ್ಪೈತಿ," ಅಂತ ಕನ್ನಡದಲ್ಲೇ ಅಂದ ಪ್ರಾಣೇಶ, ಆಮೇಲೆ ತೆಲುಗಿಗೆ ಹೊರಳಿದ. "ನಾನು ಕಟ್ಟಿದ್ದೇ ಐದು ಲಕ್ಷದ ಮೂವತ್ತು ಸಾವಿರ. ಹದಿನೈದರಲ್ಲಿ ಐದು ಹೋದರೆ ಎಷ್ಟು?"

ಆ ಹುಡುಗಿ ಪಾಪ, ತಾಳ್ಮೆಯಿಂದ ಹೇಳಿದಳು. ಐದು ಲಕ್ಷದ ಮೂವತ್ತರಲ್ಲಿ ಅಸಲಿಗೆ ಹೋದದ್ದು ಅರವತ್ತೈದು ಸಾವಿರ. ಮಿಕ್ಕಿದ್ದೆಲ್ಲ ಬಡ್ಡಿ. ಏಳೂವರೆ ಇದ್ದದ್ದು ಎಂಟೂವರೆ ಆಯಿತು, ಒಂಬತ್ತೂವರೆ ಆಯಿತು, ಹತ್ತಾಯಿತು. ಬಡ್ಡಿ ಏರಿದಾಗೆಲ್ಲ ಬ್ಯಾಂಕು ಕಂತು ಏರಿಸದೆ ಸಾಲದ ವರ್ಷಗಳನ್ನು ಹಿಗ್ಗಿಸಿತ್ತು. ಈಗ ತಿಂಗಳ ಬಡ್ಡಿಯೇ ಹದಿಮೂರು ಸಾವಿರ ದಾಟಿದೆ. ಹನ್ನೆರಡು ಸಾವಿರ ಕಟ್ಟಿದರೆ ಸಾಲ ತೀರುವುದಿರಲಿ, ಬೆಳೆಯುತ್ತದೆ.

ಪ್ರಾಣೇಶನ ಮುಖ ನೋಡಲು ನಲಿನಿಗೆ ಆಗಲಿಲ್ಲ. ಸಿಟ್ಟು ಬಂದಿತ್ತು, ಅಷ್ಟೇ ಕನಿಕರವೂ ಬಂದಿತ್ತು. ಅವಳೇ ಕೇಳಿದಳು. "ಕಂತು ಏರಿಸದೇ ಇರೋದಕ್ಕೆ ದಾರಿ ಇಲ್ಲವಾ ಅಮ್ಮಾ?"

"ಇದೆ ಆಂಟೀ. ಈ ತಿಂಗಳಲ್ಲಿ ಅಸಲಿಗೆ ಮೂರೂವರೆ ಲಕ್ಷ ಕಟ್ಟಿಬಿಡಿ. ಉಳಿದ ಸಾಲಕ್ಕೆ ನಿಮ್ಮ ಹಳೇ ಕಂತೇ ಸಾಕು, ಸಾಲವೂ ಮೊದಲು ಹೇಳಿದ 2024ಕ್ಕೇ ಮುಗಿಯುತ್ತದೆ. ಮೂರೂವರೆ ಲಕ್ಷ ಹೊಂದಿಸೋಕಾಗುತ್ತಾ?"

ಮೂರೂವರೆ ಲಕ್ಷ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ.

ಬ್ಯಾಂಕಿನಿಂದ ಮನೆಗೆ ಹೋಗಿ ಉಳಿತಾಯ ಪತ್ರಗಳನ್ನು ಎತ್ತಿಕೊಂಡು ಸೀದಾ ಪೋಸ್ಟಾಫೀಸಿಗೆ ಹೋದರು. ಕಿಟಕಿಯಾಚೆಯ ಗುಮಾಸ್ತ ಪತ್ರಗಳನ್ನು ತಿರುಗಿಸಿ ನೋಡಿ ಕನ್ನಡಕ ಏರಿಸಿದ. "2014ರ ಮಾರ್ಚಿಗೆ ಬನ್ನಿ."

"ಬಡ್ಡಿ ಬ್ಯಾಡ್ರಿ ನಮಗ, ಅಸಲಷ್ಟ ಕೊಡ್ರಿ," ಅಂತ ನಲಿನಿ ಕನ್ನಡದಲ್ಲೇ ಶುರು ಮಾಡಿ, ನಾಲಿಗೆ ಕಚ್ಚಿಕೊಂಡು ಹಿಂದಿಯಲ್ಲಿ ಹೇಳಿದಳು.

"ನಡುವೆ ಮುರಿಯೋಕೆ ಬರೋದಿಲ್ಲಮ್ಮಾ. ಕೋರ್ಟು ಹೇಳಬೇಕು, ಇಲ್ಲಾ ಪತ್ರ ಯಾರ ಹೆಸರಲ್ಲಿದೆಯೋ ಅವರು ತೀರಿಕೊಳ್ಳಬೇಕು." ಪತ್ರದ ಮೇಲಿನ ಹೆಸರು ನೋಡಿದ. ಅವಳ ಮುಖ ನೋಡಿದ. "ನೀವೇನಾ ನಲಿನಿ?" ಅಂದವನು ತಲೆ ತಗ್ಗಿಸಿ ರಬ್ಬರ್ ಸ್ಟ್ಯಾಂಪು ಸರಿಮಾಡತೊಡಗಿದ. "ಅಡ ಇಟ್ಟರೆ ಬ್ಯಾಂಕಿನವರು ಸಾಲ ಕೊಡ್ತಾರೆ, ಕೇಳಿ ನೋಡಿ."

ಕೇಳಿದರು. ಹದಿಮೂರು ಪರ್ಸೆಂಟು. ಹನ್ನೊಂದರ ಸಾಲ ಇಳಿಸಲು ಹದಿಮೂರರ ಸಾಲ! ಅತ್ತ ದರಿ, ಇತ್ತ ಪುಲಿ.

ಆ ಸಂಜೆ ಪ್ರಾಣೇಶ ಪೆನ್ಸಿಲ್ ಹಿಡಿದು ಕೂತ, ಆದರೆ ಬರೆದದ್ದೆಲ್ಲ ನಲಿನಿ ಹೇಳಿದ್ದು. ಕೈಗೆ ಬರುವ ಸಂಬಳ ಇಪ್ಪತ್ತೊಂದೂವರೆ ಸಾವಿರ. ಹೊಸ ಕಂತು ಹೋದರೆ ಉಳಿಯುವುದು ಐದು ಸಾವಿರದ ಏಳುನೂರು. ಅದರಲ್ಲಿ ಅಕ್ಕಿ ಬೇಳೆ, ಹಾಲು, ಬಸ್ಸು, ಇಂಟರ್ ಎರಡನೇ ವರ್ಷದಲ್ಲಿರುವ ಮಗಳು ವನಜಾಳ ಕಾಲೇಜು ಫೀಸು. ಎಲ್ಲಿ ಕಡಿಯುವುದು? ಪೇ ರಿವಿಜನ್ ಬರುತ್ತದೆ ಅಂತ ಯೂನಿಯನ್ನಿನವರು ವರ್ಷದಿಂದ ಹೇಳುತ್ತಲೇ ಇದ್ದರು. ಹೇಳಿದ್ದರಿಂದ ಹಾಲಿನವನ ಬಾಕಿ ತೀರುವುದಿಲ್ಲ.

"ವನಜಾನ ಕಾಲೇಜು ಬಿಡಿಸೂದಿಲ್ಲ," ಅಂದಳು ನಲಿನಿ.

"ಇಲ್ಲ."

"ಮನಿ ಮಾರೂದಿಲ್ಲ."

"ಇಲ್ಲ," ಅಂದ. ಆಮೇಲೆ ಕಾಗದದಿಂದ ತಲೆ ಎತ್ತದೆ ಹೇಳಿದ. "ಕ್ವಾರ್ಟರ್ಸ್ ಖಾಲಿ ಅದಾವಂತ. ಯೂನಿಯನ್ನಿನ ಸೋಮಣ್ಣ ಹೇಳಾಕತ್ತಿದ್ದ. ಈ ಮನಿ ಬಾಡಿಗಿಗೆ ಕೊಟ್ರ ಆರೂವರಿ ಸಾವಿರ ಬರ್ತದ. ಕ್ವಾರ್ಟರ್ಸಿಗೆ ಹೋದ್ರ ಸಂಬಳದಾಗಿನ ಮನಿ ಭತ್ತೆ ಎರಡು ಸಾವಿರದಾ ಆರುನೂರು ಹೋಗ್ತದ. ಉಳಿಯೋದು ಮೂರು ಸಾವಿರದಾ ಒಂಬೈನೂರು. ಕಂತು ಏರಿದ್ದು ಮೂರು ಸಾವಿರದಾ ಏಳುನೂರಾ ಹನ್ನೊಂದು."

ಈ ಸಲ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಅನ್ನಿಸಿತು ನಲಿನಿಗೆ. ಕಾಗದವನ್ನು ಎಳೆದುಕೊಂಡು ಮೂರು ಸಲ ಕೂಡಿಸಿ ಕಳೆದಳು. ಪ್ರತಿ ಸಲವೂ ಅವಳು ಆ ಮನೆಯಿಂದ ಹೊರಗೇ ಬಂದಳು.

"ನೀ ಒಂದು ಮಾತು ಬೈದ್ರ ನನಗ ಹಗುರಾಗ್ತದ," ಅಂದ ಪ್ರಾಣೇಶ.

"ಬೈದ್ರ ಬಡ್ಡಿ ಇಳೀತದೇನು?" ಅಂದು ಅವಳು ಒಲೆ ಹಚ್ಚಲು ಎದ್ದಳು. ಅಲ್ಲಿ ನಿಂತು ಒಬ್ಬಳೇ ಅತ್ತಳು.

ಸೆಪ್ಟೆಂಬರ್ ಕೊನೆಗೆ ಸಾಮಾನು ಕ್ವಾರ್ಟರ್ಸಿಗೆ ಹೋಯಿತು. ಅದೇ ಎರಡು ಕೋಣೆ, ಅದೇ ಸುಣ್ಣ. ಹಳೇ ನೆರೆಯವರು ಬಂದು, "ಸ್ವಂತ ಮನಿ ಬಿಟ್ಟು ಯಾಕ ಬಂದ್ರಿ ವೈನಿ?" ಅಂತ ಕೇಳಿದರು. "ಇವರಿಗೆ ಶಿಫ್ಟಿಗೆ ಹತ್ರ ಆಗ್ತದ," ಅಂದಳು ನಲಿನಿ. ಗಂಡನ ಮಾನ ಅವಳ ಕೈಯಲ್ಲಿತ್ತು. ಅದನ್ನಾದರೂ ಉಳಿಸಿದಳು. ಮನೆ ಬಿಟ್ಟ ಮೇಲೆ ಪ್ರಾಣೇಶ ಯಾರಿಗೂ ಸಾಲದ ಸಲಹೆ ಕೊಡಲಿಲ್ಲ. ಕೇಳಿದವರಿಗೆ, "ಬ್ಯಾಂಕಿನಾಗ ವಿಚಾರಿಸ್ರಿ," ಅಂತಷ್ಟೇ ಹೇಳಿ ನಡೆಯುತ್ತಿದ್ದ.

ನವೆಂಬರ್ ಮೊದಲ ವಾರ ಬಾಡಿಗೆ ತರಲು ನಲಿನಿಯೇ ಹೋದಳು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತು ಚಪ್ಪಲಿ ಬಿಟ್ಟಳು. ಗಂಟೆ ಒತ್ತಿದಳು. ಬಾಡಿಗೆಯವನ ಹೆಂಡತಿ, ಚಿಕ್ಕ ವಯಸ್ಸಿನವಳು, ನಗುತ್ತ ಬಾಗಿಲು ತೆರೆದು ದುಡ್ಡು ತರಲು ಒಳಕೋಣೆಗೆ ಹೋದಳು. ಬಿಸಿಲಿಗೆ ನಡೆದು ಬಂದಿದ್ದ ನಲಿನಿಗೆ ಬಾಯಾರಿತ್ತು. ಏನೂ ಯೋಚಿಸದೆ ಕಾಲುಗಳು ತಾವಾಗಿಯೇ ಅಡಿಗೆಮನೆಗೆ ನಡೆದವು. ಲೋಟ ಇರುವ ಕಡೆ ಕೈ ಚಾಚಿದಳು. ಅಲ್ಲಿ ಲೋಟ ಇರಲಿಲ್ಲ, ಯಾರದೋ ಔಷಧಿ ಶೀಶೆಗಳಿದ್ದವು.

"ಆಂಟೀ, ಏನು ಬೇಕಿತ್ತು?" ಹಿಂದಿನಿಂದ ಆ ಹುಡುಗಿ ಕೇಳಿದಳು. ಮರ್ಯಾದೆಯಿಂದಲೇ ಕೇಳಿದಳು. ಆದರೂ ದನಿಯಲ್ಲಿ ಸಣ್ಣ ಗಾಬರಿ ಇತ್ತು, ತನ್ನ ಅಡಿಗೆಮನೆಯೊಳಗೆ ಪರರು ಬಂದಾಗ ಯಾವ ಹೆಂಗಸಿಗಾದರೂ ಆಗುವಂಥ ಗಾಬರಿ.

"ನೀರು," ಅಂದಳು ನಲಿನಿ.

"ಹೊರಗೆ ಕೂತಿರಿ ಆಂಟೀ, ತಂದುಕೊಡ್ತೀನಿ."

ನಲಿನಿ ಹೊರಗೆ ಬಂದು ಆ ಹುಡುಗಿ ತೋರಿಸಿದ ಕುರ್ಚಿಯ ಮೇಲೆ ಕೂತಳು.